1.15 ಅಥವಾ 1.07? ಒಂದೇ ಕ್ಲಿಕರ್ ಗೇಮಿನಲ್ಲಿ ಎರಡನ್ನೂ ಹಾಕಿ ನೋಡಿದೆ

ಐಡಲ್ ಕ್ಲಿಕರ್ ಅಂದರೆ ನಾಣ್ಯ ಕೊಟ್ಟು ತಾವೇ ದುಡಿಯುವ ಯಂತ್ರ ಕೊಳ್ಳುತ್ತಾ ಹೋಗುವ ಗೇಮ್. ಅದನ್ನು ಬರೆಯೋರಿಗೆಲ್ಲ ಮೊದಲು ಎದುರಾಗುವ ಸಾಲು ಇದು:

```
price = base * Math.pow(rate, owned)
```

ಇಲ್ಲಿ `base` ಮೊದಲ ಬೆಲೆ, `owned` ಈಗಾಗಲೇ ಕೊಂಡಿರುವ ಸಂಖ್ಯೆ, `rate` ಪ್ರತಿ ಖರೀದಿಗೂ ಬೆಲೆ ಎಷ್ಟು ಪಟ್ಟಾಗುತ್ತದೆ ಅನ್ನೋದು. ಈ `rate` ಎಷ್ಟಿರಬೇಕು ಅನ್ನೋದೇ ತಲೆನೋವು. ಕುಕೀ ಕ್ಲಿಕರ್ ತನ್ನ ಕಟ್ಟಡಗಳಿಗೆ 1.15 ಇಟ್ಟಿದೆ. ನಾನು ನನ್ನ ಗೇಮಿನಲ್ಲಿ ಅದನ್ನೂ 1.07 ಅನ್ನೂ ಹಾಕಿ ಆಡಿದೆ. ಮೊದಲ ಯಂತ್ರದ ಬೆಲೆ 10 ನಾಣ್ಯ, ಪ್ರತಿ ಯಂತ್ರದ ದುಡಿಮೆ ಸೆಕೆಂಡಿಗೆ 1 ನಾಣ್ಯ. ಬೆಲೆ ಎಷ್ಟು ಅಂತ ನೋಡಲಿಲ್ಲ, ಮುಂದಿನದನ್ನು ಕೊಳ್ಳೋಕೆ ಎಷ್ಟು ಕಾಯಬೇಕು ಅಂತ ನೋಡಿದೆ. ಆಡುವವರ ಅನುಭವಕ್ಕೆ ಬರೋದು ಅದೇ ಅಲ್ವಾ?

50 ಯಂತ್ರ ಇದ್ದಾಗ 1.15ರಲ್ಲಿ ಸುಮಾರು ಮೂರೂವರೆ ನಿಮಿಷ, 1.07ರಲ್ಲಿ 6 ಸೆಕೆಂಡ್. 100 ಆದಾಗ 1.15ರಲ್ಲಿ 32 ಗಂಟೆ ದಾಟುತ್ತದೆ, 1.07ರಲ್ಲಿ ಒಂದೂವರೆ ನಿಮಿಷ. ಅಂದರೆ 1.15 ಇಟ್ಟರೆ ಆಟಗಾರ ಬೇಗ ಗೋಡೆಗೆ ಬಡಿಯುತ್ತಾನೆ, ಅಷ್ಟರೊಳಗೆ ಹೊಸ ಯಂತ್ರ ರೆಡಿ ಇರಬೇಕು. ಹತ್ತಾರು ಬಗೆಯ ಯಂತ್ರ ಇರುವ ಗೇಮಿಗೆ ಇದೇ ಸರಿ. ನನ್ನ ಗೇಮಿನಲ್ಲಿ ಇರೋದು ನಾಲ್ಕೇ ಬಗೆ, ಹಾಗಾಗಿ 1.07 ಉಳಿಸಿಕೊಂಡೆ. ಪ್ರತಿ 25 ಯಂತ್ರಕ್ಕೊಮ್ಮೆ ದುಡಿಮೆ ದುಪ್ಪಟ್ಟಾಗುವ ಅಪ್‌ಗ್ರೇಡ್ ಕೂಡ ಸೇರಿಸಿದೆ. ಆ 25 ಯಂತ್ರಕ್ಕೆ ಬೆಲೆ ಸುಮಾರು 5.4 ಪಟ್ಟು ಏರುತ್ತದೆ, ಆದ್ದರಿಂದ ದುಪ್ಪಟ್ಟು ಕೊಟ್ಟರೂ ಆಟ ಕೈತಪ್ಪುವುದಿಲ್ಲ. ಆರು ಪಟ್ಟು ಕೊಟ್ಟರೆ ಮುಗೀತು, ಕಾಯುವ ಹೊತ್ತು ಇಳಿಯುತ್ತಲೇ ಹೋಗುತ್ತದೆ.

ಆದರೆ 1.07ರಲ್ಲಿ ನಾಣ್ಯ ಬೇಗ ರಾಶಿ ಬೀಳುತ್ತದೆ. ಅದನ್ನು ಖಾಲಿ ಮಾಡಿಸೋಕೆ ಎರಡು ದಾರಿ ನೋಡಿದೆ.

ಮೊದಲನೆಯದು ಬೂಸ್ಟ್: 5,000 ನಾಣ್ಯ ಕೊಟ್ಟರೆ 2 ನಿಮಿಷ ದುಡಿಮೆ ದುಪ್ಪಟ್ಟು. ಸೆಕೆಂಡಿಗೆ 10 ನಾಣ್ಯ ಬರುವಾಗ ಅದರಿಂದ ಸಿಗೋದು 1,200, ಯಾರೂ ಮುಟ್ಟಲ್ಲ. ಸೆಕೆಂಡಿಗೆ 42 ದಾಟಿತೋ, ಕೊಟ್ಟದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ನಾಣ್ಯ ಕರಗಿಸಬೇಕಾದ ಬೂಸ್ಟೇ ನಾಣ್ಯ ಹುಟ್ಟಿಸುತ್ತದೆ! ಬೆಲೆಯನ್ನು 5 ನಿಮಿಷದ ದುಡಿಮೆಗೆ ಕಟ್ಟಿದರೆ ಯಾವಾಗಲೂ ನಷ್ಟ, ಲೆಕ್ಕ ಗೊತ್ತಿದ್ದವರು ಸುಮ್ನೆ ಬಿಟ್ಟುಬಿಡುತ್ತಾರೆ. ನಾಣ್ಯ ತೆಗೆದುಕೊಂಡು ನಾಣ್ಯವನ್ನೇ ಮಾರಿದರೆ ಇಷ್ಟೇ.

ಎರಡನೆಯದು ಬೇರೆ ಸರಕು: ಗೇಮ್ ಮುಚ್ಚಿದ್ದಾಗಲೂ ದುಡಿಯುವ ಅವಧಿಗೆ ಇನ್ನೊಂದು ಗಂಟೆ. ಬೆಲೆ 10 ನಿಮಿಷದ ದುಡಿಮೆ. ಇದನ್ನು ಜನ ಕೊಂಡರು, ಯಾಕಂದರೆ ಇದರ ಲಾಭ ಅವರವರು ಆಡುವ ರೀತಿ ಮೇಲೆ ನಿಂತಿದೆ. ರಾತ್ರಿಯಿಡೀ ಬಿಟ್ಟು ಹೋಗುವವರಿಗೆ ಬೇಕು, ಗಂಟೆಗೊಮ್ಮೆ ಇಣುಕುವವರಿಗೆ ಬೇಡ.

ಇದಕ್ಕೂ ಒಂದು ಕಳ್ಳದಾರಿ ಇತ್ತು. ದುಡಿಮೆ ಕಡಿಮೆ ಇರುವಾಗಲೇ ಸಾಲಾಗಿ ಕೊಂಡರೆ ಅಗ್ಗ. ಹೊಸ ಯಂತ್ರ ಕೊಳ್ಳೋದನ್ನು ತಡೆಹಿಡಿದು ಕೆಲವರು ಅದನ್ನೇ ಮಾಡಿದರು. ಅದಕ್ಕೇ ಪ್ರತಿ ಖರೀದಿಗೂ ಬೆಲೆ 1.5 ಪಟ್ಟು ಏರುವಂತೆ ಮಾಡಿದೆ. ಯಂತ್ರ ಮಾರಿ ಬೆಲೆ ಇಳಿಸದಂತೆ, ಈಗಿನ ದುಡಿಮೆ ಬಿಟ್ಟು ಆವರೆಗಿನ ಗರಿಷ್ಠ ದುಡಿಮೆಯನ್ನೇ ಲೆಕ್ಕಕ್ಕೆ ಹಿಡಿದೆ.