ತ್ರಾಟಕಕ್ಕೆಂದು ದಪ್ಪ ಮೇಣದಬತ್ತಿ ತಂದು ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ತ್ರಾಟಕಕ್ಕೆ, ಅಂದರೆ ಒಂದೇ ಕಡೆ ನೋಟ ನೆಟ್ಟು ಕೂರುವ ಯೋಗಾಭ್ಯಾಸಕ್ಕೆ, ನನ್ನ ಓಟು ಹೆಬ್ಬೆರಳ ದಪ್ಪದ ಸಾದಾ ಬಿಳಿ ಮೇಣದಬತ್ತಿಗೆ. ದಪ್ಪನೆಯ ಸುವಾಸನೆ ಬತ್ತಿ, ಬ್ಯಾಟರಿ ಬತ್ತಿ, ಗೋಡೆಗೆ ಅಂಟಿಸುವ ಕಪ್ಪು ಚುಕ್ಕೆ, ಇವನ್ನೂ ಒಂದೊಂದಾಗಿ ಇಟ್ಟುಕೊಂಡು ಕೂತು ನೋಡಿದ್ದೇನೆ. ಐದು ವಾರ ಆಯಿತು. ಅದರಲ್ಲಿ ಮೊದಲ ಎರಡು ವಾರ ನನ್ನ ಮನಸ್ಸಿನ ಜೊತೆ ಗುದ್ದಾಡಿದ್ದಕ್ಕಿಂತ ಆ ದಪ್ಪ ಬತ್ತಿಯ ಜೊತೆ ಗುದ್ದಾಡಿದ್ದೇ ಹೆಚ್ಚು.

ಅದನ್ನು ತಂದದ್ದು ಉಳಿತಾಯದ ಲೆಕ್ಕ ಹಾಕಿ. ಏಳೂವರೆ ಸೆಂಟಿಮೀಟರ್ ಅಗಲ, ಒಳ್ಳೆ ಎತ್ತರ. ದಿನಕ್ಕೆ ಹತ್ತು ನಿಮಿಷ ಉರಿಸಿದರೆ ವರ್ಷ ಬರುತ್ತದೆ ಅಂದುಕೊಂಡೆ. ಐದನೇ ದಿನಕ್ಕೆ ಬತ್ತಿಯ ಬುಡದಲ್ಲಿ ಒಂದು ಗುಳಿ. ಒಂಬತ್ತನೇ ದಿನಕ್ಕೆ ಅದು ಬಾವಿ. ಸುತ್ತ ಮೇಣದ ಗೋಡೆ ಹಾಗೇ ನಿಂತಿದೆ, ನಡುವೆ ಮಾತ್ರ ಕರಗಿ ಬತ್ತಿ ಕೆಳಗಿಳಿದಿದೆ. ಕಣ್ಣಿನ ಮಟ್ಟಕ್ಕೆ ಇಟ್ಟರೆ ಕುಡಿ ಕಾಣುವುದೇ ಇಲ್ಲ. ಕೆಳಗಿಟ್ಟು ಮೇಲಿನಿಂದ ಇಣುಕಿದರೆ ಎರಡನೇ ನಿಮಿಷಕ್ಕೆ ಕತ್ತು ಹಿಡಿಯುತ್ತದೆ.

ತಪ್ಪು ಬತ್ತಿಯದಲ್ಲ, ನನ್ನ ಹತ್ತು ನಿಮಿಷದ್ದು. ದಪ್ಪ ಬತ್ತಿಯನ್ನು ಹಚ್ಚಿದರೆ ಮೇಲ್ಮೈಯ ಮೇಣ ಅಂಚಿನವರೆಗೂ ಕರಗುವ ತನಕ ಉರಿಯಲು ಬಿಡಬೇಕಂತೆ. ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಸುಮಾರು ಒಂದು ಗಂಟೆ ಎಂದು ಲೆಕ್ಕ. ಅಂದರೆ ನನ್ನದಕ್ಕೆ ಮೂರು ಗಂಟೆ. ಹತ್ತೇ ನಿಮಿಷಕ್ಕೆ ಆರಿಸಿದರೆ ನಡುವಿನ ಮೇಣ ಮಾತ್ರ ಕರಗುತ್ತದೆ. ಮರುದಿನ ಅದೇ ಜಾಗ ಮತ್ತಷ್ಟು ಆಳವಾಗುತ್ತದೆ. ಗುಳಿ ಆಳವಾದಷ್ಟೂ ಕರಗಿದ ಮೇಣ ಬತ್ತಿಯ ಸುತ್ತಲೇ ನಿಂತು ಕುಡಿಯನ್ನು ಮುಳುಗಿಸುತ್ತದೆ. ಕೊನೆಗೆ ಉಳಿಯುವುದು ಕಡಲೆಕಾಳಿನಷ್ಟು ನೀಲಿ ಉರಿ.

ಚಾಕುವಿನಲ್ಲಿ ಅಂಚು ಕೊಯ್ದು ನೋಡಿದೆ, ಒಂದು ಕಡೆ ಒಡೆದು ಮೇಣ ಮೇಜಿನ ಮೇಲೆ ಹರಿಯಿತು. ಬಾಯಿಯ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತಿ ಶಾಖ ಅಂಚಿಗೆ ತಾಗುವಂತೆ ಮಾಡಿದಾಗ ಸರಿಹೋಯಿತು, ಆದರೆ ಅದಕ್ಕೆ ಎರಡು ಗಂಟೆ ಕಾಯಬೇಕಾಯಿತು. ಹತ್ತು ನಿಮಿಷದ ಅಭ್ಯಾಸಕ್ಕೆ ಎರಡು ಗಂಟೆಯ ಚಾಕರಿ!

ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು, ಅದು ಗೊತ್ತಾಗಿದ್ದು ಬತ್ತಿ ಬದಲಿಸಿದ ಮೇಲೆ. ಕುಡಿ ಬಾವಿಯೊಳಗೆ ಇಳಿದಾಗ ಮೇಣದ ಗೋಡೆಯೆಲ್ಲ ಒಳಗಿನಿಂದ ಬೆಳಗುತ್ತದೆ. ನೋಡಲು ಚೆಂದವೇ. ಆದರೆ ಆಗ ಕಣ್ಣೆದುರು ಇರುವುದು ಚೂಪಾದ ಕುಡಿಯಲ್ಲ, ಹೊಳೆಯುವ ಒಂದು ಡಬ್ಬ. ಹಠಯೋಗಪ್ರದೀಪಿಕೆ ತ್ರಾಟಕವನ್ನು ವಿವರಿಸುವಾಗ ಮೇಣದಬತ್ತಿಯ ಹೆಸರನ್ನೇ ಎತ್ತುವುದಿಲ್ಲ. ಅಲ್ಲಿರುವುದು ‘ಸೂಕ್ಷ್ಮಲಕ್ಷ್ಯ’, ಅಂದರೆ ಸಣ್ಣದೊಂದು ಗುರಿ. ಅದನ್ನು ಅಲುಗದ ದೃಷ್ಟಿಯಿಂದ, ಕಣ್ಣೀರು ಬರುವವರೆಗೆ ನೋಡು ಎನ್ನುತ್ತದೆ. ಸಣ್ಣದು ಯಾಕೆ ಅಂತ ನನಗೆ ಆ ಡಬ್ಬ ಕಲಿಸಿತು. ಗುರಿ ಅಗಲವಾಗಿದ್ದರೆ ಕಣ್ಣು ಅದರ ಮೇಲೆಯೇ ಅಡ್ಡಾಡುತ್ತದೆ, ಅಡ್ಡಾಡಿದ್ದು ನಮಗೆ ತಿಳಿಯುವುದೇ ಇಲ್ಲ. ಕಣ್ಣು ಮುಚ್ಚಿದಾಗಲೂ ಮಬ್ಬು ಮಚ್ಚೆಯೊಂದು ಕಾಣುತ್ತದೆ, ಆಕಾರವಿಲ್ಲ.

ಸಣ್ಣ ಬತ್ತಿಗೆ ಈ ರಗಳೆಗಳಿಲ್ಲ. ಎರಡು ಸೆಂಟಿಮೀಟರ್ ಅಗಲದ್ದು ಬೇಗನೇ ಅಂಚಿನವರೆಗೆ ಕರಗುತ್ತದೆ. ಗಂಟೆಗೆ ಎರಡು ಮೂರು ಸೆಂಟಿಮೀಟರ್ ಸವೆಯುವುದರಿಂದ ನನ್ನ ಹತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಕಡಿಮೆಯಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ಕೆಳಗೊಂದು ತೆಳು ಪುಸ್ತಕ ಸೇರಿಸಿದರೆ ಕುಡಿ ಮತ್ತೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹಚ್ಚುವ ಮುಂಚೆ ಕರಿ ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸುತ್ತೇನೆ. ಉದ್ದ ಬಿಟ್ಟರೆ ಕುಡಿ ಕುಣಿಯುತ್ತದೆ, ಮಸಿ ಬಿಡುತ್ತದೆ. ಫ್ಯಾನ್ ಆರಿಸಲೇಬೇಕು. ದುಡ್ಡಿನ ಲೆಕ್ಕದಲ್ಲೂ ಇದೇ ಅಗ್ಗ, ದಪ್ಪ ಬತ್ತಿಗೆ ಕೊಟ್ಟ ಹಣದಲ್ಲಿ ಇವು ತಿಂಗಳುಗಟ್ಟಲೆ ಬರುತ್ತವೆ.

ಬ್ಯಾಟರಿ ಬತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳಿರುವ ಮನೆಗೆ ಸುರಕ್ಷಿತ. ಆದರೆ ನನ್ನದರಲ್ಲಿ ಉರಿ ಅಲುಗುವಂತೆ ತೋರಿಸಲು ಬೆಳಕು ಒಂದೇ ಸಮ ಮಿಣುಕುತ್ತಿತ್ತು, ಅದನ್ನು ನಿಲ್ಲಿಸುವ ಗುಂಡಿಯೇ ಇಲ್ಲ. ಮೂರನೇ ದಿನಕ್ಕೆ ನಾನು ನೋಡುತ್ತಿದ್ದದ್ದು ಬೆಳಕನ್ನಲ್ಲ, ಮುಂದಿನ ಮಿಣುಕು ಯಾವಾಗ ಎಂಬುದನ್ನು.

ಕಪ್ಪು ಚುಕ್ಕೆ ಬೇರೆ ಜಾತಿಯದು. ಬಿಳಿ ಹಾಳೆಯ ಮೇಲೆ ಬಟಾಣಿ ಗಾತ್ರದ ಚುಕ್ಕೆ, ಬೆಂಕಿಯಿಲ್ಲ, ಕತ್ತಲೆಯೂ ಬೇಡ, ಖರ್ಚಂತೂ ಇಲ್ಲವೇ ಇಲ್ಲ. ಮೂರ್ಛೆರೋಗ ಇರುವವರಿಗೆ ಅಲುಗುವ ಬೆಳಕು ಸಲ್ಲದು. ಅವರು, ಗ್ಲಾಕೋಮಾ ಇರುವವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಬತ್ತಿ ಹಚ್ಚಿ ಕೂರಬಾರದು. ನನಗೆ ಚುಕ್ಕೆ ಒಗ್ಗಲಿಲ್ಲ. ಕಣ್ಣು ಮುಚ್ಚಿದರೆ ಒಂದು ಪೇಲವ ಬೆಳ್ಳನೆ ಮಚ್ಚೆ ಕ್ಷಣಹೊತ್ತು ಕಂಡು ಮಾಯವಾಗುತ್ತದೆ, ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ತ್ರಾಟಕದ ಅರ್ಧ ಕೆಲಸ ಇರುವುದೇ ಕಣ್ಣು ಮುಚ್ಚಿದ ಮೇಲೆ, ಅದಕ್ಕೇ ಅಂತರಂಗ ತ್ರಾಟಕ ಎನ್ನುವುದು. ಅಲ್ಲಿ ಬತ್ತಿಗೆ ಸಾಟಿಯಿಲ್ಲ.

ನಾನು ಕೂರುವ ಕ್ರಮ ಹೀಗಿದೆ. ಒಂದೂವರೆ ನಿಮಿಷ ಕರಿ ಬತ್ತಿಯ ತುದಿಯ ಮೇಲೆ ನೋಟ, ಮೇಲೆ ಕುಣಿಯುವ ಉರಿಯ ತುದಿಯ ಮೇಲಲ್ಲ. ಆಮೇಲೆ ಕಣ್ಣು ಮುಚ್ಚಿ, ಒಳಗೆ ಉಳಿದ ಕುಡಿಯ ಬಿಂಬ ಮಾಯವಾಗುವವರೆಗೆ. ಹೀಗೆ ಮೂರು ಸುತ್ತು. ದೂರದ ವಿಷಯದಲ್ಲಿ ಮೊದಲು ಎಡವಿದೆ. ತೋಳಿನುದ್ದ ದೂರ ಇಡಿ ಎಂದಿದ್ದರು, ಎಪ್ಪತ್ತು ಸೆಂಟಿಮೀಟರಿನಲ್ಲಿ ಇಟ್ಟೆ. ಕನ್ನಡಕ ತೆಗೆದಾಗ ಕುಡಿ ಉಣ್ಣೆಯುಂಡೆಯ ಹಾಗೆ ಕಂಡಿತು. ನನ್ನ ಪವರ್ ಮೈನಸ್ ಎರಡು, ಅಂಥ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಅರ್ಧ ಮೀಟರಿನವರೆಗೆ ಮಾತ್ರ. ಐವತ್ತಕ್ಕೆ ಎಳೆದುಕೊಂಡ ಕೂಡಲೇ ಕುಡಿ ಚೂಪಾಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತೆಗೆದೇ ಕೂರಬೇಕು, ರೆಪ್ಪೆ ಬಡಿಯದಿದ್ದರೆ ಅದು ಒಣಗಿ ಕಣ್ಣಿಗೆ ಕಚ್ಚಿಕೊಳ್ಳುತ್ತದೆ.

ಮೊದಲ ವಾರ ನಲವತ್ತು ಸೆಕೆಂಡಿಗೇ ಕಣ್ಣುರಿ, ಧಾರಾಕಾರ ನೀರು. ಇದು ಭಾವುಕತೆಯೂ ಅಲ್ಲ, ಕೊಳೆ ಹೊರಬರುವುದೂ ಅಲ್ಲ. ರೆಪ್ಪೆ ಬಡಿಯುವುದು ನಿಂತರೆ ಕಣ್ಣಿನ ಮೇಲಿನ ತೇವದ ಪದರ ಒಡೆಯುತ್ತದೆ, ಒಣಗಿದ ಜಾಗ ಉರಿಯುತ್ತದೆ, ಅದನ್ನು ತಣಿಸಲು ನೀರು ಸುರಿಯುತ್ತದೆ. ಹಟ ಹಿಡಿದು ಹುಬ್ಬು ಗಂಟಿಕ್ಕಿ ಕೂತ ದಿನ ಹಣೆ ನೋವು ಗ್ಯಾರಂಟಿ. ಈಗ ಉರಿ ಶುರುವಾದರೆ ಮೆಲ್ಲಗೆ ಒಮ್ಮೆ ರೆಪ್ಪೆ ಬಡಿಯುತ್ತೇನೆ, ಯಾರೂ ಕೇಳುವುದಿಲ್ಲ.

ಅದೇ ವಾರ ಒಂದು ರಾತ್ರಿ ಮೇಜು, ಗೋಡೆ, ಪುಸ್ತಕಗಳು ಎಲ್ಲ ಬೂದಿಬಣ್ಣದ ಮಂಜಿನಲ್ಲಿ ಕರಗಿಹೋಗಿ ಕುಡಿಯೊಂದೇ ಉಳಿಯಿತು. ಮೈ ಜುಮ್ಮೆಂದಿತು, ಏನೋ ಸಿದ್ಧಿಸಿಬಿಟ್ಟಿತು ಅಂದುಕೊಂಡೆ. ಆಮೇಲೆ ಓದಿ ತಿಳಿದದ್ದು: ನೋಟ ಒಂದೇ ಕಡೆ ನಿಂತರೆ ಅಂಚಿನಲ್ಲಿ ಬದಲಾಗದೆ ಇರುವ ವಸ್ತುಗಳನ್ನು ದೃಷ್ಟಿ ಕೈಬಿಡುತ್ತದೆ, ಟ್ರಾಕ್ಸ್‌ಲರ್ ಎಂಬಾತ 1804ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಕಣ್ಣು ಕೂದಲೆಳೆಯಷ್ಟು ಅಲುಗಿದರೂ ಕೋಣೆ ಫಕ್ಕನೆ ಮರಳುತ್ತದೆ. ಸಿದ್ಧಿಯಲ್ಲದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ, ಕೋಣೆ ಮರಳಿತೆಂದರೆ ನೋಟ ಜಾರಿತೆಂದು ಅರ್ಥ. ಕುಡಿ ಎರಡಾಗಿ ಕಾಣುವುದೂ ಹಾಗೆಯೇ. ಎರಡು ಕಣ್ಣುಗಳ ನೋಟ ಸಡಿಲಗೊಂಡು ಬೇರೆಬೇರೆ ಕಡೆ ಹೊರಟಿರುತ್ತದೆ, ಸಾಮಾನ್ಯವಾಗಿ ಅದೇ ಹೊತ್ತಿಗೆ ತಲೆಯೂ ನಾಳೆಯ ಕೆಲಸದ ಕಡೆ ಹೊರಟಿರುತ್ತದೆ.

ಎರಡನೇ ವಾರ ಬಿಂಬದ್ದು. ಕಣ್ಣು ಮುಚ್ಚಿದ ಕೂಡಲೇ ಹಳದಿ ಹಸಿರು, ಆಮೇಲೆ ಕೆಂಪು, ಕೊನೆಗೆ ನೇರಳೆ. ಹಿಡಿಯಲು ಹೋದರೆ ಓಡುತ್ತದೆ. ಬಿಂಬ ಅಚ್ಚಾಗಿರುವುದು ಅಕ್ಷಿಪಟಲದ ಮೇಲೆ, ನೋಟದ ನಡುಬಿಂದುವಿನಿಂದ ಚೂರು ಪಕ್ಕಕ್ಕೆ. ಅದರ ಕಡೆ ಕಣ್ಣು ಹೊರಳಿಸಿದರೆ ಅದೂ ಅಷ್ಟೇ ಹೊರಳುತ್ತದೆ, ತನ್ನ ನೆರಳನ್ನು ತಾನೇ ಬೆನ್ನಟ್ಟಿದ ಹಾಗೆ. ಓಡಿಸುವುದನ್ನು ಬಿಟ್ಟು ಸುಮ್ಮನೆ ಇದ್ದ ದಿನ ಅದು ತಾನಾಗಿ ನಿಂತಿತು. ಒಮ್ಮೆ ತಮಾಷೆಗೆ ಕಣ್ಣು ತೆರೆದು ಎರಡು ಮೀಟರ್ ಆಚೆಯ ಗೋಡೆ ನೋಡಿದೆ. ಅರ್ಧ ಮೀಟರಿನಲ್ಲಿ ಎರಡು ಸೆಂಟಿಮೀಟರ್ ಇದ್ದ ಕುಡಿ ಅಲ್ಲಿ ನಾಲ್ಕು ಪಟ್ಟು, ಎಂಟು ಸೆಂಟಿಮೀಟರಾಗಿ ಕಂಡಿತು. ಭಯಪಡುವಂಥದ್ದಲ್ಲ, ಗೋಡೆ ದೂರವಿದ್ದಷ್ಟೂ ಬಿಂಬ ದೊಡ್ಡದು.

ಬಿಂಬ ಎಷ್ಟು ಸೆಕೆಂಡ್ ನಿಂತಿತು ಎಂದು ಬರೆದಿಡುವ ಚಟ ನನಗೂ ಅಂಟಿತ್ತು. ಒಂದು ದಿನ ಪಕ್ಕದ ಕೋಣೆಯ ದೀಪ ಆರಿಸಿ ಕೂತೆ, ಬಿಂಬ ಒಮ್ಮೆಗೇ ಹೆಚ್ಚು ಹೊತ್ತು ನಿಂತಿತು. ಅವತ್ತು ನನ್ನ ಏಕಾಗ್ರತೆ ಏನೂ ಬೆಳೆದಿರಲಿಲ್ಲ, ಕೋಣೆ ಕತ್ತಲಾಗಿತ್ತು ಅಷ್ಟೇ. ಅಲ್ಲಿಂದ ಸೆಕೆಂಡ್ ಬಿಟ್ಟು ಬೇರೆ ಲೆಕ್ಕ ಹಿಡಿದೆ. ಮನಸ್ಸು ಅಲೆದದ್ದು ಗೊತ್ತಾದಾಗಲೆಲ್ಲ ಒಂದು ಬೆರಳು ಮಡಿಸುವುದು. ಮೊದಲ ದಿನ ಮೂರು ಸುತ್ತಿಗೆ ನಾಲ್ಕು ಬೆರಳು. ವಾರ ಕಳೆದ ಮೇಲೆ ಹನ್ನೊಂದು. ಕೆಟ್ಟಿತು ಅನ್ನಿಸಿ ಬೇಸರವಾಯಿತು. ನಿಜಕ್ಕೂ ಆಗಿದ್ದೆಂದರೆ, ಮೊದಲು ಒಂದು ಯೋಚನೆಯ ಬೆನ್ನೇರಿ ಅರ್ಧ ನಿಮಿಷ ಹೋಗಿ ಬರುತ್ತಿದ್ದೆ, ಈಗ ಎರಡು ಹೆಜ್ಜೆ ಇಡುವಷ್ಟರಲ್ಲಿ ಸಿಕ್ಕಿಬೀಳುತ್ತಿದ್ದೆ. ಐದನೇ ವಾರದಲ್ಲಿ ಆರೇಳಕ್ಕೆ ಇಳಿದಿದೆ. ಓದುವಾಗ ಒಂದೇ ಸಾಲನ್ನು ಮೂರು ಸಲ ಓದುವುದು ನಿಂತಿಲ್ಲ, ಎರಡನೇ ಸಲಕ್ಕೇ ಗೊತ್ತಾಗುತ್ತದೆ. ಕನ್ನಡಕದ ಪವರ್ ಅಲ್ಲೇ ಇದೆ. ನನ್ನ ಹಾಗೆ ಕಣ್ಣುಗುಡ್ಡೆಯೇ ಉದ್ದವಾಗಿ ಬಂದ ದೋಷ ಬತ್ತಿ ನೋಡಿದರೆ ಗಿಡ್ಡವಾಗುವುದಿಲ್ಲ.

ದಪ್ಪ ಬತ್ತಿ ಬಿಸಾಡಿಲ್ಲ. ಮೊನ್ನೆ ಕರೆಂಟ್ ಹೋದಾಗ ಮೂರು ಗಂಟೆ ಉರಿಯಿತು, ಬಾವಿಯೆಲ್ಲ ತುಂಬಿ ಮೇಲ್ಮೈ ಮಟ್ಟಸವಾಗಿದೆ.