ಕಾರೀಗರನಿಗೆ ಕೊಟ್ಟ ಚಿನ್ನದ ಲೆಕ್ಕ: ತೂಕದ ವಹಿ, ಫೈನ್ ಖಾತೆ, ಕೆಲಸದ ಚೀಟಿ

ಮುಂಬೈನ ಝವೇರಿ ಬಜಾರ್, ಭುಲೇಶ್ವರದ ಗಲ್ಲಿಗಳಲ್ಲಿ ಅಂಗಡಿಯವರು ಕಾರೀಗರನಿಗೆ ಚಿನ್ನ ಕೊಟ್ಟು ಒಡವೆ ವಾಪಸು ಪಡೆಯುವಾಗ ಲೆಕ್ಕ ಇಡುವ ರೀತಿ ಮೂರು. ಮೊದಲನೆಯದು ಬರೀ ತೂಕ ಬರೆಯುವ ಹಳೆಯ ವಹಿ. ಎರಡನೆಯದು ಪ್ರತಿ ತೂಕವನ್ನೂ ಅಪ್ಪಟ ಚಿನ್ನಕ್ಕೆ, ಅಂದರೆ ಬಜಾರಿನ ಮಾತಿನಲ್ಲಿ ಫೈನ್‌ಗೆ, ಇಳಿಸಿ ಬರೆಯುವ ಖಾತೆ. ಮೂರನೆಯದು ಒಂದೊಂದು ಕೆಲಸಕ್ಕೂ ಒಂದು ಚೀಲ, ಒಂದು ಚೀಟಿ ಮಾಡಿ ಹಂತ ಹಂತಕ್ಕೆ ತೂಗುವ ಪದ್ಧತಿ. ಒಂದೇ ಕೆಲಸವನ್ನು ಮೂರರಲ್ಲೂ ಬರೆದು ನೋಡಿದೆವು. ಮೂರೂ ಬೇರೆ ಬೇರೆ ತೀರ್ಪು ಕೊಟ್ಟವು. ಹಾಗೇಕಾಯಿತು ಎಂಬುದೇ ಈ ಹೋಲಿಕೆಯ ಮುಖ್ಯ ವಿಷಯ.

ಕೆಲಸ ಇಷ್ಟು: ನಾಲ್ಕು 22 ಕ್ಯಾರೆಟ್ ಬಳೆ, ಕಲ್ಲಿಲ್ಲ, ಮೀನಾ ಇಲ್ಲ. ಅಂಗಡಿ ಕೊಟ್ಟದ್ದು 995ರ, ಅಂದರೆ ಸಾವಿರಕ್ಕೆ 995 ಪಾಲು ಅಪ್ಪಟವಾದ, ಗಟ್ಟಿ 100 ಗ್ರಾಂ, ಬೆರಕೆಗೆ ತಾಮ್ರ-ಬೆಳ್ಳಿ 8.15 ಗ್ರಾಂ. ಕರಗಿಸಿದರೆ 108.15 ಗ್ರಾಂ, ಟಂಚ್, ಅಂದರೆ ನೂರು ಪಾಲಿನಲ್ಲಿ ಅಪ್ಪಟ ಚಿನ್ನದ ಪಾಲು, 92. ಹಾಲ್‌ಮಾರ್ಕಿಗೆ 91.6 ಸಾಕಲ್ಲ, 92 ಏಕೆ ಎಂದು ಕೇಳಬಹುದು. ಬೆಸುಗೆ ಹಾಕಿದಾಗ ಟಂಚ್ ಒಂದಿಷ್ಟು ಇಳಿಯುತ್ತದೆ; ಲೆಕ್ಕ ಹಾಕಿ ಸರಿಯಾಗಿ 91.6ಕ್ಕೆ ಕರಗಿಸಿದ ಮಾಲು ಪರೀಕ್ಷೆಯಲ್ಲಿ ಬಿದ್ದು ವಾಪಸು ಬರುತ್ತದೆ. ಕಾರೀಗರನಿಂದ ಮರಳಿ ಬಂದದ್ದು ಪಾಲಿಶ್ ಆದ ಬಳೆ 92.40 ಗ್ರಾಂ, ತಂತಿ ತುಂಡು-ಚೂರು 11.80 ಗ್ರಾಂ, ಅರದ ಪುಡಿ 3.60 ಗ್ರಾಂ. ಒಪ್ಪಿದ ಘಟ್, ಅಂದರೆ ಸವಕಲಿಗೆ ಬಿಡುವ ಪಾಲು, ತಯಾರಾದ ಮಾಲಿನ ಮೇಲೆ 1 ಪ್ರತಿಶತ.

ತೂಕದ ವಹಿ

ಕೊಟ್ಟದ್ದು 108.15, ಬಂದದ್ದು 107.80, ಕೊರತೆ 0.35 ಗ್ರಾಂ. ಘಟ್ 0.924 ಗ್ರಾಂ ಬಿಡಬೇಕು. ಹಾಗಾಗಿ ವಹಿ ಹೇಳುವುದು: ಕಾರೀಗರನ ಜಮಾಕ್ಕೆ 0.574 ಗ್ರಾಂ, ಅಂಗಡಿಯೇ ಅವನಿಗೆ ಕೊಡಬೇಕು.

ತಪ್ಪು ಇರುವುದು ಪುಡಿಯಲ್ಲಿ. 3.60 ಗ್ರಾಂ ಪುಡಿಯನ್ನು ಬಳೆಯ ಚಿನ್ನದ ಸಮಕ್ಕೆ ಎಣಿಸಿದ್ದಾರೆ. ಅದರಲ್ಲಿ ಅರದ ಕಬ್ಬಿಣ, ಎಣ್ಣೆ, ಮರಳು, ಬೆಸುಗೆಯ ಚೂರು ಎಲ್ಲ ಇರುತ್ತದೆ. ಮುಂಬೈ ಮಳೆಗಾಲದಲ್ಲಿ ತೇವವೂ ಸೇರುತ್ತದೆ. ಜುಲೈ ತಿಂಗಳ ಪುಡಿಯನ್ನು ಒಣಗಿಸದೆ ತೂಗಲೇಬಾರದು. ಅಯಸ್ಕಾಂತ ಆಡಿಸಿ, ಹುರಿದು, ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿದರೆ ಉಳಿದದ್ದು 3.05 ಗ್ರಾಂ. ಆ ಅಂಕಿ ಹಾಕಿದರೂ ಕೊರತೆ 0.90ಕ್ಕೆ ನಿಲ್ಲುತ್ತದೆ, ಘಟ್‌ನ ಒಳಗೇ. ವಹಿ ಮತ್ತೆ ಎಲ್ಲ ಸರಿ ಎನ್ನುತ್ತದೆ, ಏಕೆಂದರೆ ಟಂಚ್ ಇಳಿದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಬೆರಕೆಯ ಲೋಹವನ್ನು ಕಾರೀಗರನೇ ತಂದಿದ್ದು ಅದನ್ನು ಯಾರೂ ಬರೆಯದಿದ್ದರೆ ಈ ವಹಿ ಇನ್ನೂ ಹದಗೆಡುತ್ತದೆ. 100 ಕೊಟ್ಟು 107.80 ಬಂದಂತೆ ಕಾಣುತ್ತದೆ. ಒಂದೇ ಟಂಚ್‌ನ ಸಿದ್ಧ ತಂತಿ ಕೊಟ್ಟು, ಅದೇ ಟಂಚ್‌ನ ಸರಪಳಿ ಪಡೆಯುವ ಕೆಲಸಕ್ಕೆ ಮಾತ್ರ ಇದು ನಡೆಯುತ್ತದೆ.

ಫೈನ್ ಖಾತೆ

ಇಲ್ಲಿ ಪ್ರತಿ ಸಾಲಿನಲ್ಲೂ ತೂಕವನ್ನು ಟಂಚ್‌ನಿಂದ ಗುಣಿಸಿ ನೂರರಿಂದ ಭಾಗಿಸುತ್ತೇವೆ. ಕೊಟ್ಟ ಗಟ್ಟಿಯ ಫೈನ್ 99.500, ಬೆರಕೆಯ ಫೈನ್ ಸೊನ್ನೆ. ಬಂದದ್ದರಲ್ಲಿ ಬಳೆ 85.008, ಚೂರು 10.856. ಕರಗಿಸಿದ ಪುಡಿಯ ಟಂಚ್ ತೆಗೆಸಿದಾಗ ಬಂದದ್ದು 86, ಆದ್ದರಿಂದ ಅದರ ಫೈನ್ 2.623. ಒಟ್ಟು 98.487. ಕೊರತೆ 1.013 ಗ್ರಾಂ, ಘಟ್ 0.850. ಈಗ ಖಾತೆ ತಿರುಗಿ ನಿಲ್ಲುತ್ತದೆ: ಕಾರೀಗರನೇ 0.163 ಗ್ರಾಂ ಫೈನ್ ಕೊಡಬೇಕು.

ಇದಕ್ಕೆ ವಿಶೇಷ ಸಾಫ್ಟ್‌ವೇರ್ ಬೇಕಿಲ್ಲ. ಎಕ್ಸೆಲ್‌ನಲ್ಲಿ A ಕಾಲಮ್ಮಿನಲ್ಲಿ OUT ಅಥವಾ IN, Bಯಲ್ಲಿ ಕಾರೀಗರನ ಕೋಡ್, Cಯಲ್ಲಿ ತೂಕ, Dಯಲ್ಲಿ ಟಂಚ್, Eಯಲ್ಲಿ ಫೈನ್ ಇಟ್ಟರೆ ಸಾಕು:

```
E2:  =ROUND(C2*D2/100,3)
ಬಾಕಿ: =SUMIFS(E:E,B:B,"K01",A:A,"OUT")-SUMIFS(E:E,B:B,"K01",A:A,"IN")
```

ಘಟ್ ಅನ್ನು ಸೂತ್ರದೊಳಗೆ ಹುದುಗಿಸಬೇಡಿ. ಅದನ್ನೂ ಒಂದು ಬೇರೆ IN ಸಾಲಾಗಿ ಬರೆಯಿರಿ. ಆಗ ತಿಂಗಳ ಕೊನೆಗೆ ಎಷ್ಟು ಘಟ್ ಬಿಟ್ಟಿದ್ದೇವೆ ಎಂಬುದು ಕಾರೀಗರನ ಮುಂದೆಯೇ ಕಾಣುತ್ತದೆ, ವಾದ ಕಡಿಮೆಯಾಗುತ್ತದೆ.

ಈ ಖಾತೆಯ ದೌರ್ಬಲ್ಯ ಟಂಚ್‌ನಲ್ಲಿದೆ. ಪುಡಿಯ ಟಂಚ್ ತೆಗೆಸದೆ 92 ಎಂದು ಹಾಕಿಕೊಂಡರೆ ಅದರ ಫೈನ್ 2.806 ಆಗುತ್ತದೆ, 0.163ರ ಬಾಕಿ ಅಲ್ಲಿಗೇ ಮಾಯ. ಬಳೆಯಲ್ಲೂ ಅಷ್ಟೇ. ಬೆಸುಗೆಯ ನಂತರ ಬಳೆಯ ನಿಜ ಟಂಚ್ 91.7 ಇದ್ದರೆ, 92 ಎಂದು ಜಮಾ ಮಾಡಿದ್ದರಿಂದ 0.277 ಗ್ರಾಂ ಸುಮ್ಮನೆ ಹೋಯಿತು. ಅಂದರೆ ಬಾಕಿಗಿಂತ ದೊಡ್ಡ ತಪ್ಪು ಒಂದು ಊಹೆಯ ಟಂಚ್‌ನಲ್ಲಿ ಅಡಗಿರಬಹುದು.

ಟಂಚ್ ಮಷೀನ್, ಅಂದರೆ ಎಕ್ಸ್‌ರೇ ಯಂತ್ರ, ಮೇಲ್ಮೈಯನ್ನಷ್ಟೇ ಓದುತ್ತದೆ ಎಂಬುದನ್ನು ಮರೆಯಬಾರದು. ಆಸಿಡ್‌ನಲ್ಲಿ ಕುದಿಸಿದ ಒಡವೆಯ ಮೇಲ್ಪದರದಿಂದ ತಾಮ್ರ ಕರಗಿಹೋಗಿ ಚಿನ್ನ ಹೆಚ್ಚು ಕಾಣುತ್ತದೆ. ಒಳಬದಿಯಲ್ಲಿ ಒಂದು ಜಾಗ ಅರದಿಂದ ಉಜ್ಜಿ, ಬೆಸುಗೆಯ ಸಂದಿಯಿಂದ ದೂರ ಒಂದು ಸಲ, ಸಂದಿಯ ಮೇಲೆ ಒಂದು ಸಲ ಓದಿಸಿ. ಪುಡಿಯನ್ನಂತೂ ಕರಗಿಸಿ ಗುಂಡಾಗಿಸಿದ ಮೇಲೆಯೇ ತೋರಿಸಬೇಕು. ಜಗಳಕ್ಕೆ ಬಂದ ಲೆಕ್ಕಕ್ಕೆ ಬೆಂಕಿಯ ಪರೀಕ್ಷೆಯೇ, ಅಂದರೆ ಫೈರ್ ಅಸೇ, ಕೊನೆಯ ಮಾತು.

ಕೆಲಸದ ಚೀಟಿ

ಚೀಟಿ ಹಂತಗಳನ್ನು ಹೀಗೆ ಬರೆದಿತ್ತು: ಮೂಸೆಗೆ 108.15, ಹೊರಬಂದ ಗಟ್ಟಿ 108.02. ಬೆಸುಗೆ ಮುಗಿದಾಗ ಬಳೆ 95.70, ಚೂರು 11.80. ಅರ ಹಾಕಿ ಮುಗಿದಾಗ ಬಳೆ 92.95. ಪಾಲಿಶ್‌ನಿಂದ ಬಂದಾಗ 92.40.

ಮೊದಲ ಎರಡು ಪದ್ಧತಿಯಲ್ಲಿ ಇಲ್ಲದ ಎರಡು ಸಂಗತಿ ಇಲ್ಲಿ ಕಾಣುತ್ತವೆ. ಕಾರೀಗರನ ಕೈಯಲ್ಲಿ, ಮೂಸೆಯಿಂದ ಅರದವರೆಗೆ, ಕಡಿಮೆಯಾದ ತೂಕ 0.13, 0.52, 2.75, ಒಟ್ಟು 3.40 ಗ್ರಾಂ. ಅವನು ಕೊಟ್ಟ ಪುಡಿ 3.60. ಹೋದದ್ದಕ್ಕಿಂತ ಬಂದದ್ದು ಹೆಚ್ಚು! ಕರಗಿಸುವ ಮೊದಲೇ ಪುಡಿಯಲ್ಲಿ ಪರಕೀಯ ವಸ್ತು ಇದೆ ಎಂದು ಇದರಿಂದಲೇ ಹೇಳಬಹುದು. ಇದರರ್ಥ ಮೋಸ ಎಂದೇನಲ್ಲ, ಅರದ ಕಬ್ಬಿಣ ಮತ್ತು ಎಣ್ಣೆಯೇ ಅಷ್ಟು ಮಾಡುತ್ತವೆ.

ಎರಡನೆಯದು ಇನ್ನೂ ಮುಖ್ಯ. ಪಾಲಿಶ್‌ನಲ್ಲಿ 0.55 ಗ್ರಾಂ ಹೋಗಿದೆ, ಫೈನ್‌ನಲ್ಲಿ 0.506. ಪಾಲಿಶ್ ಮಾಡುವವನು ಬೇರೆಯವನು, ಅವನ ಚಕ್ರದ ಧೂಳು ಅವನಲ್ಲೇ ಉಳಿಯುತ್ತದೆ. ಆದರೆ ಫೈನ್ ಖಾತೆ ಆ ನಷ್ಟವನ್ನು ಬಳೆ ಮಾಡಿದವನ ತಲೆಗೆ ಹಾಕಿತ್ತು. ಅದನ್ನು ಕಳೆದರೆ ಅವನ ಕೊರತೆ 0.507ಕ್ಕೆ ಇಳಿದು, 0.850ರ ಘಟ್‌ನೊಳಗೆ ಆರಾಮಾಗಿ ಕೂರುತ್ತದೆ. ಅವನು ಏನೂ ಕೊಡಬೇಕಿಲ್ಲ. 1 ಪ್ರತಿಶತ ಘಟ್‌ನಲ್ಲಿ ಪಾಲಿಶ್ ಸೇರಿದೆಯೋ ಇಲ್ಲವೋ ಎಂದು ಮೊದಲೇ ಮಾತಾಡಿ ಬರೆದಿಡದಿದ್ದರೆ ಈ 0.163 ಗ್ರಾಂಗೆ ನ್ಯಾಯವೇ ಸಿಗುವುದಿಲ್ಲ. ಬಾಯಿಮಾತಿನ ಘಟ್‌ನಿಂದ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುವುದು ನಿಜಕ್ಕೂ ಬೇಸರದ ಸಂಗತಿ.

ಚೀಟಿಯ ತೊಂದರೆ ಸಮಯ, ಮತ್ತು ಪುಡಿ. ಕಾರೀಗರನ ಮಣೆಯ ಮೇಲೆ ಮೂರು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಪುಡಿ ಎಲ್ಲ ಒಂದೇ ಡ್ರಾಯರ್‌ಗೆ ಬೀಳುತ್ತದೆ. ಯಾವ ಪುಡಿ ಯಾವ ಬಳೆಯದು ಎಂದು ಬೇರ್ಪಡಿಸಲು ಆಗುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಮಣೆ ಖಾಲಿ ಮಾಡಿಸಿ ಒಂದೇ ಕೆಲಸ ಇಟ್ಟದ್ದರಿಂದ ಅಂಕಿ ಸ್ವಚ್ಛವಾಗಿ ಬಂತು. ದಿನನಿತ್ಯ ಹಾಗೆ ಮಾಡಲಾಗದು. ತೂಗುವ ಸಲ ಹೆಚ್ಚಿದಷ್ಟೂ ತಕ್ಕಡಿಯ ತಪ್ಪೂ ಕೂಡುತ್ತದೆ: ಅಂಗಡಿಯ ತಕ್ಕಡಿಗೂ ಕಾರ್ಖಾನೆಯ ತಕ್ಕಡಿಗೂ 0.02 ವ್ಯತ್ಯಾಸ ಇದ್ದರೆ ಅದು ಸವಕಲಿನಂತೆಯೇ ಕಾಣುತ್ತದೆ. ಕೊಡುವುದು, ಪಡೆಯುವುದು ಒಂದೇ ತಕ್ಕಡಿಯಲ್ಲಿ ಆಗಲಿ. ಬೆಳಿಗ್ಗೆ 100 ಗ್ರಾಂ ಬಟ್ಟಿಟ್ಟು ನೋಡಿ, ಫ್ಯಾನ್ ಆರಿಸಿ.

ಯಾವುದು ಯಾರಿಗೆ

ಫೈನ್ ಖಾತೆಯನ್ನು ಆಧಾರವಾಗಿ ಇಟ್ಟುಕೊಂಡು, ಚೀಟಿಯಿಂದ ಮೂರು ತೂಕ ಮಾತ್ರ ತೆಗೆದುಕೊಳ್ಳುವುದು ನಮಗೆ ಸರಿ ಕಂಡಿತು: ಕಾರೀಗರನಿಗೆ ಹೋದದ್ದು, ಪಾಲಿಶ್‌ಗೆ ಹೋದದ್ದು, ಪಾಲಿಶ್‌ನಿಂದ ಬಂದದ್ದು. ಪಾಲಿಶ್‌ನವನಿಗೆ ಬೇರೆ ಕೋಡ್, ಬೇರೆ ಘಟ್. ಪುಡಿ ಕಾರೀಗರನ ಹೆಸರಿನಲ್ಲಿ ಸೇರುತ್ತಿರಲಿ, ಕೆಲಸದ ಹೆಸರಿನಲ್ಲಲ್ಲ. ತಿಂಗಳಿಗೊಮ್ಮೆ ಅವನ ಎದುರೇ ಕರಗಿಸಿ, ಟಂಚ್ ತೆಗೆಸಿ, ಜಮಾ ಮಾಡಿ. ಅಲ್ಲಿಯವರೆಗೆ ಪುಡಿಗೆ ಯಾವ ಫೈನ್ ಅಂಕಿಯನ್ನೂ ಕೊಡಬೇಡಿ. ಕಲ್ಲು ಕೂರಿಸುವ ಕೆಲಸಕ್ಕೆ ಮಾತ್ರ ಪೂರ್ತಿ ಚೀಟಿ ಬೇಕೇ ಬೇಕು, ಏಕೆಂದರೆ ಕಲ್ಲಿನ ಸಂಖ್ಯೆ ಮತ್ತು ಕ್ಯಾರೆಟ್ (1 ಕ್ಯಾರೆಟ್ ಅಂದರೆ 0.2 ಗ್ರಾಂ) ಕಳೆಯದೆ ಚಿನ್ನದ ನೆಟ್ ತೂಕ ಸಿಗುವುದಿಲ್ಲ. ಕರಿಮಣಿ ಸರಕ್ಕೂ ಇದೇ ಮಾತು. ಮಣಿ ಪೋಣಿಸುವ ಮೊದಲೇ ಚಿನ್ನದ ಭಾಗ ತೂಗಿಡಿ.

ಅಂಗಡಿಯ ದಾಸ್ತಾನಿಗೆ ಜೋಡಿಸುವಾಗ ಒಂದು ಸಣ್ಣ ಎಚ್ಚರಿಕೆ. ಕೆಲವರು 22 ಕ್ಯಾರೆಟ್ ಎಂದರೆ 91.6 ಹಾಕುತ್ತಾರೆ, ಕೆಲವು ಸಾಫ್ಟ್‌ವೇರ್‌ಗಳು 22ನ್ನು 24ರಿಂದ ಭಾಗಿಸಿ 91.667 ಹಾಕುತ್ತವೆ. ಒಂದು ಕಿಲೋ ಮಾಲಿಗೆ ಇದು 0.67 ಗ್ರಾಂ ಫೈನ್ ವ್ಯತ್ಯಾಸ. ದಾಸ್ತಾನು ಒಂದರಲ್ಲಿ, ಕಾರೀಗರನ ಖಾತೆ ಇನ್ನೊಂದರಲ್ಲಿ ಇದ್ದರೆ ಯಾರೂ ಕದಿಯದೆಯೇ ಪ್ರತಿ ತಿಂಗಳೂ ಚಿನ್ನ ಕಡಿಮೆ ಬೀಳುತ್ತದೆ. ಟ್ಯಾಗ್‌ನಲ್ಲಿ ಗ್ರಾಸ್, ಕಲ್ಲು, ನೆಟ್, ಟಂಚ್, ಆರು ಅಕ್ಷರದ ಎಚ್‌ಯುಐಡಿ ಬರೆಯುವುದು ಹಾಲ್‌ಮಾರ್ಕ್ ಕೇಂದ್ರದಿಂದ ಮಾಲು ಬಂದ ಮೇಲೆ, ಇನ್ನೊಮ್ಮೆ ತೂಗಿ ಆಗಲಿ, ಏಕೆಂದರೆ ಅಲ್ಲಿ ಪರೀಕ್ಷೆಗೆ ಕೆರೆದು ತೆಗೆದ ಮಾದರಿಯಷ್ಟು ತೂಕ ಇಳಿದಿರುತ್ತದೆ. ತಿಂಗಳ ಕೊನೆಗೆ ಕೌಂಟರ್, ಕಾರೀಗರರು, ಪಾಲಿಶ್, ಹಾಲ್‌ಮಾರ್ಕ್ ಕೇಂದ್ರ, ಕರಗಿಸದ ಪುಡಿಯ ಡಬ್ಬಿ, ಈ ಐದೂ ಕಡೆಯ ಪಟ್ಟಿಯನ್ನು ಒಂದೇ ದಿನ, ಹೊಸ ಚಿನ್ನ ಕೊಡುವ ಮೊದಲು ಮಾಡಿ. ಮೊದಲ ನಾಲ್ಕನ್ನು ಫೈನ್‌ನಲ್ಲಿ ಕೂಡಿಸಿ. ಡಬ್ಬಿಯ ಎದುರು ಬರೀ ಗ್ರಾಸ್ ತೂಕ ಬರೆದು, ಕರಗಿಸಿ ಟಂಚ್ ಬಂದ ಮೇಲೆ ಅದನ್ನು ಸೇರಿಸಿ.