ಬಳ್ಳಾರಿಯ ಬಾಡಿಗೆ ಮನೆ: ಮೂರು ವರ್ಷದ ಬಳಕೆ ಮತ್ತು ಮಾಲೀಕರಿಗೆ ಬರೆದ ಒಂದು ಪತ್ರ

2022ರ ಜೂನ್‌ನಲ್ಲಿ ಈ ಮನೆಗೆ ಬಂದೆವು. ನಾನು, ನಮ್ಮ ಯಜಮಾನರು, ಅತ್ತೆ. ಮೊದಲನೇ ಮಹಡಿ, ಎರಡು ರೂಮು, ಬಾಡಿಗೆ 9,500. ಗಾಳಿ ಬೆಳಕು ಚೆನ್ನಾಗಿದೆ. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ, ಆದರೆ ಈ ಮನೆಗೆ ಬೋರ್ ಇತ್ತು. ಕೆಳಗೆ ಸ್ಕೂಟರ್ ನಿಲ್ಲಿಸಲು ಜಾಗ, ಮೇಲೆ ಮಾಳಿಗೆ. ಬಾಡಿಗೆ ಸ್ವಲ್ಪ ಜಾಸ್ತಿ ಅನಿಸಿದರೂ ಒಪ್ಪಿಕೊಂಡಿದ್ದು ಈ ಮೂರಕ್ಕಾಗಿಯೇ.

ಮೊದಲ ವರ್ಷ ಯಾವ ತಕರಾರೂ ಇರಲಿಲ್ಲ. 2023ರ ಆಗಸ್ಟ್‌ನಲ್ಲಿ ಮಲಗುವ ಕೋಣೆಯ ಸ್ಲ್ಯಾಬ್‌ನಲ್ಲಿ ತಟ್ಟೆಯಗಲ ತೇವ ಕಾಣಿಸಿತು. ಮಾಲೀಕರಿಗೆ ಹೇಳಿದೆ. "ಮಳೆ ನೀರಮ್ಮ, ಮಳೆಗಾಲ ಮುಗಿದರೆ ಒಣಗುತ್ತೆ" ಅಂದರು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ತೇವ ಹೋಗಲಿಲ್ಲ. ಮಾರ್ಚ್‌ನಲ್ಲಿ ಬಳ್ಳಾರಿಯ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಆಗಲೂ ಆ ಜಾಗ ಒದ್ದೆಯೇ ಇತ್ತು. ಆಗಲೇ ನನಗೆ ಇದು ಮಳೆಯದ್ದಲ್ಲ ಅಂತ ಖಾತ್ರಿಯಾಯಿತು. ಆ ಕೋಣೆಯ ನೇರ ಮೇಲೆ ನೀರಿನ ಟ್ಯಾಂಕ್ ಇದೆ.

ಒಂದು ಸಣ್ಣ ಪರೀಕ್ಷೆ ಮಾಡಿದೆವು. ತೇವದ ಅಂಚಿಗೆ ಸುತ್ತಲೂ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಫೋಟೋ ತೆಗೆದೆ. ಟ್ಯಾಂಕ್ ಮೂರು ದಿನ ತುಂಬಿಸಿಟ್ಟೆವು. ತೇವ ಗೆರೆ ದಾಟಿತು. ಆಮೇಲೆ ಟ್ಯಾಂಕ್ ಖಾಲಿ ಮಾಡಿ ನಾಲ್ಕು ದಿನ ಡ್ರಮ್ಮಿನ ನೀರಲ್ಲೇ ಕಳೆದೆವು. ಅಂಚು ಒಣಗಿ ಒಳಕ್ಕೆ ಸರಿಯಿತು. ಮೇಲೆ ಹೋಗಿ ನೋಡಿದರೆ ಟ್ಯಾಂಕಿನಿಂದ ಪೈಪ್ ಹೊರಡುವ ಜಾಯಿಂಟ್ ಸೋರುತ್ತಿತ್ತು. ಅದೇ ನೀರು ಟ್ಯಾಂಕಿನ ಅಡಿ ನಿಂತು ಸ್ಲ್ಯಾಬ್‌ಗೆ ಇಳಿಯುತ್ತಿತ್ತು.

ಇಷ್ಟಾದರೂ ಮಾಲೀಕರು ಮಾಡಿಸಿದ್ದು ಒಳಗಿನಿಂದ ಸುಣ್ಣ ಮಾತ್ರ. ಎರಡು ತಿಂಗಳಲ್ಲಿ ಆ ಸುಣ್ಣದ ಮೇಲೆ ಕಂದು ಬಣ್ಣದ ನೇರ ಗೆರೆಗಳು ಎದ್ದವು. ಪರಿಚಯದ ಮೇಸ್ತ್ರಿಯನ್ನು ಕರೆಸಿದೆ. ಅವರು ಕೋಲಿನಿಂದ ಸ್ಲ್ಯಾಬ್ ತಟ್ಟಿ ನೋಡಿದರು. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಆ ಜಾಗದಲ್ಲಿ ಪೊಳ್ಳು ಸದ್ದು. ಒಳಗಿನ ಕಂಬಿ ತುಕ್ಕು ಹಿಡಿದಿದೆ ಅಂದರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ, ಕೊನೆಗೆ ಅದು ಹೆಂಟೆಯಾಗಿ ಕಳಚಿ ಬೀಳುತ್ತದೆ. ನಮ್ಮ ಬೋರಿನಂಥ ಉಪ್ಪು ನೀರಾದರೆ ಇದು ಇನ್ನೂ ಬೇಗ. ಆ ಜಾಗದ ಕೆಳಗೇ ಅತ್ತೆಯ ಮಂಚ ಇತ್ತು. ಅವತ್ತೇ ಮಂಚ ಹಾಲ್‌ಗೆ ತಂದೆವು.

ಅದೇ ಬೇಸಿಗೆಯಲ್ಲಿ ಕೊಟ್ಟಿದ್ದ ಸೌಲಭ್ಯಗಳೂ ಒಂದೊಂದಾಗಿ ಹೋದವು. ಬೋರಿನ ಮೋಟರ್ ಸುಟ್ಟಿತು, ಎತ್ತಿಸಲಿಲ್ಲ. ಕೆಳಗಿನ ಜಾಗವನ್ನು ಒಂದು ಅಂಗಡಿಗೆ ಗೋದಾಮು ಮಾಡಿ ಕೊಟ್ಟರು. ಏಪ್ರಿಲ್‌ನಲ್ಲಿ ಮಾಳಿಗೆಗೆ ಬೀಗ ಬಿತ್ತು. ಅತ್ತೆ ಆ ವರ್ಷ ಸಂಡಿಗೆ ಹಾಕಲಿಲ್ಲ. ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಅದೇ.

ಹನ್ನೊಂದು ತಿಂಗಳು ಬಾಯಲ್ಲೇ ಹೇಳುತ್ತಾ ಬಂದಿದ್ದೆ. ಅದು ನನ್ನ ತಪ್ಪು. ಜುಲೈನಲ್ಲಿ ಪತ್ರ ಬರೆದೆ. ಅದಕ್ಕೂ ಮುಂಚೆ ಅಗ್ರಿಮೆಂಟ್ ತೆಗೆದು ಓದಿದೆ. ಬಲ್ಬು, ನಲ್ಲಿ ವಾಷರ್‌ನಂಥ ಸಣ್ಣಪುಟ್ಟ ರಿಪೇರಿ ನಮ್ಮದು, ಕಟ್ಟಡದ ರಿಪೇರಿ ಮಾಲೀಕರದು ಅಂತ ಬರೆದಿತ್ತು. ಬೋರ್ ನೀರು, ಸ್ಕೂಟರ್ ಜಾಗ, ಮಾಳಿಗೆ ಮೂರರ ಹೆಸರೂ ಅದರಲ್ಲಿತ್ತು. ಇಲ್ಲದಿದ್ದರೆ ಪತ್ರಕ್ಕೆ ಕಾಲೇ ಇರುತ್ತಿರಲಿಲ್ಲ.

ಪತ್ರದ ಮುಖ್ಯ ಭಾಗ ಇದು:

"ಮಾನ್ಯರೇ, ಇವತ್ತಿನವರೆಗಿನ ಬಾಡಿಗೆ ಪೂರ್ತಿ ಕೊಟ್ಟಿದ್ದೇವೆ. ಟ್ಯಾಂಕಿನ ಜಾಯಿಂಟ್ ಸೋರಿ ಮಲಗುವ ಕೋಣೆಯ ಸ್ಲ್ಯಾಬ್ ಕೆಟ್ಟಿದೆ. ಈ ವಿಷಯ ನಿಮಗೆ ಆಗಸ್ಟ್ 2023ರಿಂದ ತಿಳಿಸುತ್ತಾ ಬಂದಿದ್ದೇವೆ. ಫೋಟೋಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಜಾಯಿಂಟನ್ನು ಒಂದು ವಾರದಲ್ಲಿ, ಸ್ಲ್ಯಾಬನ್ನು ಒಂದು ತಿಂಗಳಲ್ಲಿ ಸರಿ ಮಾಡಿಸಿ. ಬೋರ್ ನಿಂತಿದ್ದರಿಂದ ತಿಂಗಳಿಗೆ ಎರಡು ಟ್ಯಾಂಕರ್ ನೀರು ಹಾಕಿಸುತ್ತಿದ್ದೇವೆ, 1,200 ಖರ್ಚು. ಸ್ಕೂಟರ್ ಬೇರೆ ಕಡೆ ನಿಲ್ಲಿಸಲು 300. ಇವೆರಡೂ ಅಗ್ರಿಮೆಂಟ್‌ನಲ್ಲಿ ಬಾಡಿಗೆಯೊಳಗೇ ಇದ್ದವು. ಅವನ್ನು ಮತ್ತೆ ಕೊಡಿ, ಇಲ್ಲವೇ ಕೊಡುವವರೆಗೆ ಬಾಡಿಗೆಯನ್ನು 8,000ಕ್ಕೆ ಇಳಿಸಿ. ಮಾಳಿಗೆಯ ಕೀಲಿ ಒಂದು ನಮಗೂ ಬೇಕು."

ರಿಪೇರಿಗೆ ಗಡುವು ಕೇಳಿದೆ, ಕಿತ್ತುಕೊಂಡ ಸೌಲಭ್ಯಕ್ಕೆ ಬೆಲೆ ಕೇಳಿದೆ. ಎರಡನ್ನೂ ಬೆರೆಸಲಿಲ್ಲ. ಸ್ಲ್ಯಾಬಿಗೆ ಬದಲಾಗಿ ಬಾಡಿಗೆ ಇಳಿಸಿ ಅಂದಿದ್ದರೆ ಐನೂರು ಇಳಿಸಿ ಸುಮ್ಮನಾಗುತ್ತಿದ್ದರು. ಕಾಂಕ್ರೀಟ್ ತಲೆ ಮೇಲೆಯೇ ಇರುತ್ತಿತ್ತು. ಮಾಳಿಗೆಗೆ ಬೆಲೆ ಕಟ್ಟಲಿಲ್ಲ. ರಸೀದಿ ಇಲ್ಲದ ಲೆಕ್ಕ ಸೇರಿಸಿದರೆ ರಸೀದಿ ಇರುವುದನ್ನೂ ಅವರು ನಂಬುವುದಿಲ್ಲ.

ಎರಡು ಪ್ರತಿ ಮಾಡಿ, ಒಂದರ ಮೇಲೆ "ತಲುಪಿದೆ" ಅಂತ ಅವರ ಸಹಿ ಕೇಳಿದೆ. ಹಾಕಲಿಲ್ಲ. ಅವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಆ ತಿಂಗಳ ಬಾಡಿಗೆಯನ್ನು ಮಾತ್ರ ತಪ್ಪದೆ, ಐದನೇ ತಾರೀಖಿಗೆ ಫೋನ್‌ನಿಂದಲೇ ಹಾಕಿದೆ. ಬಾಡಿಗೆ ನಿಲ್ಲಿಸಿದರೆ ತಪ್ಪು ನಮ್ಮ ಕಡೆ ತಿರುಗುತ್ತದೆ.

ಕಾನೂನು ಎಲ್ಲಿಯವರೆಗೆ ನೆರವಾಗುತ್ತದೆ ಅನ್ನುವುದನ್ನೂ ಕೇಳಿ ತಿಳಿದುಕೊಂಡೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ನಮಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಕಲಮಿನ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸರಿಯಾದ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. "ಮಾಡಿಸಲೇಬೇಕಾದ" ಅನ್ನುವ ಮಾತೇ ಗಂಟು. ಅದು ಅಗ್ರಿಮೆಂಟ್‌ನಲ್ಲಿರಬೇಕು. ಸೌಲಭ್ಯ ಹೋಯಿತು ಅಂತ ನಾವೇ ಬಾಡಿಗೆ ಕಡಿಮೆ ಮಾಡಿಕೊಳ್ಳುವ ಹಕ್ಕು ಇದರಲ್ಲಿಲ್ಲ. ಅದನ್ನು ಕೇಳಿಯೇ ಪಡೆಯಬೇಕು. ಅಗ್ರಿಮೆಂಟ್ ಅವಧಿ ಮುಗಿದು ತಿಂಗಳ ಲೆಕ್ಕದಲ್ಲಿ ಇರುವವರಿಗೆ ಮಾಲೀಕರು 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ನಮ್ಮದು ಹನ್ನೊಂದು ತಿಂಗಳಿಗೆ ನವೀಕರಣವಾಗಿತ್ತು, ಇನ್ನೂ ಎಂಟು ತಿಂಗಳು ಬಾಕಿ ಇತ್ತು. ಅದಕ್ಕೇ ಧೈರ್ಯವಾಗಿ ಬರೆದೆ.

ಪತ್ರ ತಲುಪಿದ ಎಂಟನೇ ದಿನ ಪ್ಲಂಬರ್ ಬಂದು ಜಾಯಿಂಟ್ ಬದಲಿಸಿದರು. ಸ್ಲ್ಯಾಬಿಗೆ ಎರಡು ತಿಂಗಳು ಹಿಡಿಯಿತು. ಪೊಳ್ಳಾದ ಭಾಗ ಪೂರ್ತಿ ಕೆಡವಿ, ಕಂಬಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದು, ಆಮೇಲೆ ಗಾರೆ ಮುಚ್ಚಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಡಿಗೆ ಬಗ್ಗೆ ಮಾಲೀಕರು ಮನೆಗೇ ಬಂದು ಮಾತಾಡಿದರು. "ಎಂಟು ಸಾವಿರ ಆಗಲ್ಲಮ್ಮ, ಬೋರ್ ಸರಿಯಾಗೋವರೆಗೆ ಎಂಟೂವರೆ ಕೊಡಿ" ಅಂದರು. ಒಪ್ಪಿದೆ. ಆ ಮಾತನ್ನು ಅವರಿಂದಲೇ ವಾಟ್ಸಾಪ್‌ನಲ್ಲಿ ಹಾಕಿಸಿಕೊಂಡೆ.

ಈಗ 2025ರ ಜುಲೈ. ಅಗ್ರಿಮೆಂಟ್ ಮತ್ತೆ ನವೀಕರಣವಾಗಿದೆ. ಬೋರ್ ಇನ್ನೂ ಕೆಟ್ಟೇ ಇದೆ, ಬಾಡಿಗೆ 8,500ರಲ್ಲೇ ಇದೆ. ಸ್ಕೂಟರ್ ಜಾಗ ಸಿಗಲಿಲ್ಲ. ಸ್ಲ್ಯಾಬಿನ ಮೇಲೆ ಹೊಸ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ, ಹತ್ತು ತಿಂಗಳಾದರೂ ಒಣಗಿಯೇ ಇದೆ. ಮನೆಗೆ ಐದರಲ್ಲಿ ನಾಲ್ಕು ಅಂಕ, ನೋಡಿಕೊಳ್ಳುವ ರೀತಿಗೆ ಎರಡು. ಮಾಳಿಗೆಯ ಕೀಲಿ ಮಾರ್ಚ್‌ನಲ್ಲಿ ಸಿಕ್ಕಿತು. ಏಪ್ರಿಲ್‌ನಲ್ಲಿ ಅತ್ತೆ ಎರಡು ಸೇರು ಅಕ್ಕಿಯ ಸಂಡಿಗೆ ಹಾಕಿದರು, ಮಾಲೀಕರ ಮನೆಗೂ ಒಂದು ಡಬ್ಬಿ ಕೊಟ್ಟು ಬಂದರು.